ಎರಡು ಬಟನ್‌ನ ಫ್ಲಶ್ ಟ್ಯಾಂಕ್: ಬೇರೆ ಕಿಟ್ ಕೂರುತ್ತಾ?

ಕೇಳಿದ್ದು: ಹನ್ನೊಂದು ವರ್ಷ ಹಳೆಯ ಕಮೋಡ್, ಎರಡು ಬಟನ್‌ನ ಪಿಂಗಾಣಿ ಟ್ಯಾಂಕ್. ನೀರು ಸಣ್ಣಗೆ ಸೋರುತ್ತಲೇ ಇದೆ. ಆ ಮಾಡೆಲ್‌ನ ಪಾರ್ಟ್ ಈಗ ಬರುವುದಿಲ್ಲವಂತೆ. ಬೇರೆ ಕಿಟ್ ಹಾಕಿದವರು ಇದ್ದೀರಾ? ಯಾವ ಅಳತೆ ಹಿಡಿದು ಅಂಗಡಿಗೆ ಹೋಗಲಿ?

ತುಮಕೂರಿನವನು

ಗಾಯ ಇನ್ನೂ ಹಸಿಯಾಗಿದೆ, ಆದರೂ ಹೇಳುತ್ತೇನೆ. ಟ್ಯಾಂಕ್ ಬಿಚ್ಚಿ ತಳದ ತೂತಿಗೆ ಟೇಪ್ ಹಿಡಿದೆ. ಎರಡೂವರೆ ಇಂಚು ಬಂತು. ಅಂಗಡಿಯಲ್ಲಿ ಇದ್ದದ್ದು ಎರಡು ಇಂಚಿನದು ಮತ್ತು ಮೂರು ಇಂಚಿನದು. ದೊಡ್ಡದೇ ಇರಲಿ ಅಂತ ಮೂರು ಇಂಚಿನದು ತಂದೆ, 1,350 ರೂಪಾಯಿ. ತೂತಿನೊಳಗೆ ಇಳಿಯಲೇ ಇಲ್ಲ. ಆಮೇಲೆ ಗೊತ್ತಾಯಿತು, ಎರಡು ಇಂಚು ಅನ್ನುವುದು ನೀರು ಹೋಗುವ ದಾರಿಯ ಲೆಕ್ಕ. ಥ್ರೆಡ್ ದಪ್ಪ ಸೇರಿದರೆ ಪಿಂಗಾಣಿಯ ತೂತು ಎರಡೂವರೆ ಇಂಚಿನ ಹತ್ತಿರ ಇರುತ್ತದೆ. ಪ್ಯಾಕೆಟ್ ಹರಿದಿದೆ ಅಂತ ವಾಪಸ್ ತೆಗೆದುಕೊಳ್ಳಲಿಲ್ಲ. ಎರಡು ಇಂಚಿನದಕ್ಕೆ ಮತ್ತೆ 980. ಎರಡು ಸಲ ಹೋಗಿ ಬಂದ ಆಟೋಗೆ 160. ಟ್ಯಾಂಕ್ ಕೂರಿಸುವಾಗ ಬೋಲ್ಟ್ ಇನ್ನರ್ಧ ಸುತ್ತು ತಿರುಗಿಸಿದೆ. ಟಿಕ್ ಅಂತ ಸದ್ದಾಯಿತು. ಕೂದಲೆಳೆಯಷ್ಟು ಬಿರುಕು. ಕೊನೆಗೆ ಕಮೋಡೇ ಹೊಸದು, 9,400.

ಅಜ್ಜಿಮನೆ

ಇಷ್ಟೆಲ್ಲ ಯಾಕೆ ಸ್ವಾಮಿ? ವಾಷರ್ ಬದಲಾಯಿಸಿದರೆ ಮುಗಿಯಿತು. ನಾನು ಟ್ಯಾಂಕ್ ಬಿಚ್ಚಲೇ ಇಲ್ಲ. ಆಂಗಲ್ ಕಾಕ್ ಮುಚ್ಚಿ, ನೀರು ಖಾಲಿ ಮಾಡಿ, ಒಳಗಿನ ವಾಲ್ವ್ ಹಿಡಿದು ಕಾಲು ಸುತ್ತು ತಿರುಗಿಸಿದೆ. ಮೇಲಿನ ಭಾಗ ಕೈಗೆ ಬಂತು. ಅಡಿಯ ವಾಷರ್ ಉಪ್ಪುಗಟ್ಟಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ನಮ್ಮದು ಬೋರ್‌ವೆಲ್ ನೀರು. ಹೊಸ ವಾಷರ್‌ಗೆ 60 ರೂಪಾಯಿ. ಯಾವ ಕಿಟ್ಟೂ ಬೇಡ, ಯಾರಿಗೂ ಬೇಡ.

ಪೈಪಿನಂಗಡಿ, ಹುಬ್ಬಳ್ಳಿ

"ಯಾರಿಗೂ ಬೇಡ" ಅಂದರೆ ಹೇಗೆ ಮೇಡಂ? ಎಲ್ಲ ವಾಲ್ವೂ ಹಾಗೆ ಕಳಚುವುದಿಲ್ಲ. ಹಳೆಯವು ಕೆಲವು ಒಂದೇ ತುಂಡು, ಜೋರಾಗಿ ತಿರುಗಿಸಿದರೆ ಕಿವಿ ಮುರಿಯುತ್ತದೆ. ಮೊದಲು ಸೋರುವುದು ಎಲ್ಲಿಂದ ಅಂತ ನೋಡಬೇಕು. ಟ್ಯಾಂಕ್ ತುಂಬಿದ ಮೇಲೆ ಪೆನ್ಸಿಲ್‌ನಿಂದ ಗೆರೆ ಹಾಕಿ ಕಾಕ್ ಮುಚ್ಚಿ. ಅರ್ಧ ಗಂಟೆಯಲ್ಲಿ ನೀರು ಗೆರೆಗಿಂತ ಕೆಳಗೆ ಇಳಿದರೆ ಅಡಿಯ ವಾಲ್ವ್‌ನದು ತಪ್ಪು. ಇಳಿಯದೆ, ಕಾಕ್ ತೆರೆದಾಗ ನೀರು ಏರಿ ಓವರ್‌ಫ್ಲೋ ಪೈಪಿಗೆ ಬೀಳುತ್ತಿದ್ದರೆ ನೀರು ತುಂಬಿಸುವ ಫ್ಲೋಟ್ ವಾಲ್ವ್ ಕೆಟ್ಟಿದೆ. ವಾಷರ್ ಹಾಕಿ ಏನೂ ಉಪಯೋಗವಿಲ್ಲ.

ಇನ್ನು ಬಟನ್. ನಮ್ಮಲ್ಲಿ ಜಾಸ್ತಿ ವಾಪಸ್ ಬರುವುದೇ ಇದರಿಂದ. ಜನ ಮೇಲಿನ ಹೊಳೆಯುವ ಸುತ್ತನ್ನು ಅಳೆದುಕೊಂಡು ಬರುತ್ತಾರೆ. ಅಳೆಯಬೇಕಾದದ್ದು ಮುಚ್ಚಳದ ತೂತು. ನಟ್ ಬಿಚ್ಚಿ, ಬಟನ್ ತೆಗೆದು, ತೂತಿಗೆ ಸ್ಕೇಲ್ ಹಿಡಿಯಿರಿ. ನನ್ನ ಭಾವನ ಮನೆಯದರಲ್ಲಿ ಸುತ್ತು 58 ಮಿ.ಮೀ., ತೂತು ಬರೀ 40. ಅವನು 58 ಅಂತಲೇ ಹಟ ಹಿಡಿದು ತಂದಿದ್ದ. ಬಟನ್ ಅಡಿಯಲ್ಲಿ ಏನಿದೆ ಅಂತಲೂ ನೋಡಿ. ಎರಡು ಪ್ಲಾಸ್ಟಿಕ್ ಕಡ್ಡಿ ನೇತಾಡುತ್ತಿದೆಯೋ, ಕೇಬಲ್ ಇದೆಯೋ. ಕಡ್ಡಿಯದಾದರೆ ವಾಲ್ವ್‌ನ ತಲೆ ಬಟನ್ನಿನ ನೇರ ಕೆಳಗೇ ಬರಬೇಕು. ಬಟನ್ ಓರೆಯಲ್ಲಿದ್ದರೆ ಕೇಬಲ್‌ನದೇ ಗತಿ.

ಭಾವನದು ಕಿಟ್ ಹಾಕಿದ ಮೇಲೂ ಸೋರುತ್ತಿತ್ತು. ಮುಚ್ಚಳ ಎತ್ತಿದರೆ ನಿಲ್ಲುತ್ತದೆ, ಇಟ್ಟರೆ ಶುರು. ಕಡ್ಡಿ ಉದ್ದವಾಗಿ ವಾಲ್ವನ್ನು ಸದಾ ಒತ್ತುತ್ತಿತ್ತು. ಎರಡು ಮಿ.ಮೀ. ಸಡಿಲ ಸಿಗುವ ಹಾಗೆ ಕತ್ತರಿಸಿದ ಮೇಲೆ ಸರಿಯಾಯಿತು. ಒಂದೇ ಸಲ ಜಾಸ್ತಿ ಕತ್ತರಿಸಬೇಡಿ, ಒತ್ತಿದರೂ ವಾಲ್ವ್ ಏಳುವುದಿಲ್ಲ.

ಅಜ್ಜಿಮನೆ

ಅಂಗಡಿಯವರು ಕಿಟ್ಟೇ ಹೇಳುತ್ತಾರೆ ಬಿಡಿ. 60 ರೂಪಾಯಿ ವಾಷರ್‌ನಲ್ಲಿ ಏನು ಸಿಗುತ್ತೆ!

ಪೈಪಿನಂಗಡಿ, ಹುಬ್ಬಳ್ಳಿ

ವಾಷರ್ ನಮ್ಮಲ್ಲಿ 40ಕ್ಕೇ ಕೊಡುತ್ತೇವೆ. ನಿಮಗೆ 20 ಜಾಸ್ತಿ ಹಾಕಿದ್ದಾರೆ.

ಮೂರನೇ ಮಹಡಿ

ನಮ್ಮದು ಗೋಡೆಯೊಳಗಿನ ಟ್ಯಾಂಕ್. ಪ್ಲಂಬರ್ ಟೈಲ್ಸ್ ಒಡೆಯಬೇಕು ಅಂದು 6,000 ಹೇಳಿದ. ಬಟನ್ ಪ್ಲೇಟ್ ತೆಗೆದರೆ ಆ ಕಿಂಡಿಯಿಂದಲೇ ಎಲ್ಲ ಹೊರಗೆ ಬರುತ್ತಿತ್ತು! ಇನ್ನು ಮೇಲೆ ಪ್ಲಂಬರ್‌ಗಳನ್ನು ಮನೆಗೆ ಸೇರಿಸುವುದಿಲ್ಲ.

ತುಮಕೂರಿನವನು

ಪ್ಲಂಬರ್ ಕರೆಯದೆ ನಾನು 9,400 ಕಳೆದುಕೊಂಡೆ. ಅದಕ್ಕೇನಂತೀರಿ?

ಮೂರನೇ ಮಹಡಿ

ಸ್ಪ್ಯಾನರ್ ಹಿಡಿಯಲು ಬಾರದಿದ್ದರೆ ಅದು ಪ್ಲಂಬರ್ ತಪ್ಪಲ್ಲ, ನನ್ನ ತಪ್ಪೂ ಅಲ್ಲ. ಬೋಲ್ಟ್ ಕೈಯಲ್ಲಿ ಬಿಗಿದು, ಎರಡೂ ಕಡೆ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು ಅಂತ ಮಕ್ಕಳಿಗೂ ಗೊತ್ತು.

ಅಜ್ಜಿಮನೆ

ಬಕೆಟ್‌ನಲ್ಲಿ ನೀರು ಹುಯ್ದುಕೊಳ್ಳುವ ಕಾಲದಲ್ಲಿ ಈ ಜಗಳವೇ ಇರಲಿಲ್ಲ.

ತುಮಕೂರಿನವನು

ಆ ಮೂರು ಇಂಚಿನ ಕಿಟ್ ಇನ್ನೂ ಅಟ್ಟದ ಮೇಲಿದೆ. ತೂತು ಮೂರೂಕಾಲು ಇಂಚು ದಾಟಿದವರು ಯಾರಾದರೂ ಇದ್ದರೆ 500ಕ್ಕೆ ಕೊಡುತ್ತೇನೆ. ಬಟನ್ ಮಾತ್ರ ಕಡ್ಡಿಯದು, ಆಮೇಲೆ ಬಂದು ನನ್ನ ಮೇಲೆ ಕೂಗಾಡಬೇಡಿ.