ಸಣ್ಣದೊಂದು ‘ಬೇಡ’ದ ನಂತರದ ಎರಡು ದಿನ

“ಚಿಗವ್ವ, ಮ್ಯಾಟ್ರಿಮನಿ ಆ್ಯಪ್‌ನಲ್ಲಿ ಪರಿಚಯವಾದ ಹುಡುಗನ ಜೊತೆ ಮಾತು ಶುರುವಾಗಿ ಮೂರು ವಾರವಾಯಿತು. ದಿನವಿಡೀ ಮೆಸೇಜ್, ಆಗಲೇ ಮಕ್ಕಳಿಗೆ ಏನು ಹೆಸರಿಡೋಣ ಎನ್ನುತ್ತಾನೆ. ಇದು ಖರೆ ಪ್ರೀತಿಯೋ, ಅಕ್ಕರೆಯ ಮಳೆಗರೆದು ಹಿಡಿತಕ್ಕೆ ತೆಗೆದುಕೊಳ್ಳುವ ಲವ್ ಬಾಂಬಿಂಗ್ ಅಂತಾರಲ್ಲ, ಅದೋ?”

ಮೆಸೇಜುಗಳ ಎಣಿಕೆಯನ್ನು ಮೊದಲು ಬಿಟ್ಟುಬಿಡು ಮಗಳೇ. ಮನಸಾರೆ ಮೆಚ್ಚಿದ ಹುಡುಗನೂ ಹೊಸದರಲ್ಲಿ ರಾತ್ರಿ ಒಂದು ಗಂಟೆಯವರೆಗೆ ಮಾತನಾಡುತ್ತಾನೆ, ಮದುವೆಯ ಕನಸನ್ನೂ ಕಾಣುತ್ತಾನೆ. ಅವನ ಉತ್ಸಾಹ ಎಷ್ಟಿದೆ ಎನ್ನುವುದಕ್ಕಿಂತ, ಆ ಉತ್ಸಾಹಕ್ಕೆ ನೀನು ಸಣ್ಣದೊಂದು ತಡೆ ಒಡ್ಡಿದಾಗ ಏನಾಗುತ್ತದೆ ಎನ್ನುವುದನ್ನು ನೋಡಬೇಕು. ರಾಯಚೂರಿನಲ್ಲಿ ಕೌಟುಂಬಿಕ ಆಪ್ತ ಸಮಾಲೋಚನೆಯ ಕೆಲಸ ಮಾಡುವಾಗ ನನ್ನ ಮುಂದೆ ಬಂದ ಒಂದು ಪ್ರಸಂಗವನ್ನು ಗುರುತು ಸಿಗದಂತೆ ಬದಲಿಸಿ ಹೇಳುತ್ತೇನೆ.

ಸಿಂಧನೂರು ಕಡೆಯ ಹುಡುಗಿ, ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹುಡುಗ ಬೆಂಗಳೂರಿನಲ್ಲಿ ಇಂಜಿನಿಯರ್. ಮೊದಲ ವಾರದಲ್ಲೇ “ನಿನ್ನಂಥವಳನ್ನು ನಾನು ಕಂಡೇ ಇಲ್ಲ” ಎಂದ. ಆದರೆ ಅವಳು ಏನು ಓದಿದ್ದಾಳೆ, ಮನೆಯಲ್ಲಿ ಯಾರ್‍ಯಾರಿದ್ದಾರೆ ಎಂದು ಆವರೆಗೆ ಕೇಳಿರಲಿಲ್ಲ. ಎರಡನೇ ವಾರ ಕೊರಿಯರ್‌ನಲ್ಲಿ ರೇಷ್ಮೆ ಸೀರೆ ಬಂತು, ಅದರ ಹಿಂದೆಯೇ “ಇನ್ನು ನಿನ್ನ ಪ್ರೊಫೈಲ್ ಯಾಕೆ, ತೆಗೆದುಬಿಡು” ಎಂಬ ಮಾತೂ ಬಂತು. ಮೂರನೇ ವಾರ, ಮಾರ್ಚ್ ಕೊನೆಯ ಲೆಕ್ಕ ಮುಗಿಸಬೇಕಿದ್ದ ದಿನ, ಅವಳು “ಇವತ್ತು ಆಗುವುದಿಲ್ಲ, ನಾಳೆ ಮಾತನಾಡೋಣ” ಎಂದು ಬರೆದಳು. ಒಂದು ಗಂಟೆಯೊಳಗೆ ಹನ್ನೊಂದು ಮಿಸ್ಡ್ ಕಾಲ್. ಆಮೇಲೆ “ನಿನಗಾಗಿ ಇಷ್ಟೆಲ್ಲಾ ಮಾಡಿದೆ, ನಿನಗೆ ಒಂದು ಗಂಟೆ ಇಲ್ಲವೇ” ಎಂಬ ಸಂದೇಶ. ಆಮೇಲೆ ಎರಡು ದಿನ ಪೂರ್ತಿ ಮೌನ. ಮೂರನೇ ದಿನ ಕಚೇರಿಗೇ ಕೇಕು, ಹೂವು, ಕ್ಷಮೆಯ ದೊಡ್ಡ ಪತ್ರ.

ಇಲ್ಲಿ ಎಲ್ಲರೂ ಮಿಸ್ಡ್ ಕಾಲ್ ನೋಡಿ ಗಾಬರಿಯಾಗುತ್ತಾರೆ. ನನಗೆ ಕೇಕೇ ಹೆಚ್ಚು ಭಯ ಹುಟ್ಟಿಸಿತು. ಶಿಕ್ಷೆಯ ಹಾಗಿದ್ದ ಆ ಮೌನದಲ್ಲಿ ಹುಡುಗಿ ತನ್ನದೇ ತಪ್ಪು ಹುಡುಕುತ್ತಾ ಕುಳಿತಿದ್ದಳು. ಕೇಕು ಬಂದ ಕೂಡಲೇ ನಿರಾಳವಾಗಿ, ಆ ನಿರಾಳವನ್ನೇ ಪ್ರೀತಿ ಎಂದುಕೊಂಡಳು. ಅಕ್ಕರೆ ಯಾವಾಗ ಸಿಗುತ್ತದೆ, ಯಾವಾಗ ನಿಲ್ಲುತ್ತದೆ ಎಂದು ತಿಳಿಯದಿದ್ದಾಗ ಮನಸ್ಸು ಅದಕ್ಕಾಗಿ ಇನ್ನಷ್ಟು ಕಾಯುತ್ತದೆ. ಮುಂದಿನ ಸಲ ‘ಆಗುವುದಿಲ್ಲ’ ಎನ್ನಲು ಅವಳಿಗೆ ಧೈರ್ಯವೇ ಬರಲಿಲ್ಲ.

ಪ್ರಾಮಾಣಿಕವಾದ ಉತ್ಸಾಹ ಇರುವವನಿಗೂ ‘ಇವತ್ತು ಆಗುವುದಿಲ್ಲ’ ಎಂಬ ಸಂದೇಶದಿಂದ ನಿರಾಸೆಯಾಗುತ್ತದೆ, ಮತ್ತು ಅದನ್ನು ಅವನು ಹೇಳಿಯೂ ಹೇಳಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಹೇಳಿ ಬಿಟ್ಟುಬಿಡುತ್ತಾನೆ, ಮರುದಿನ “ಲೆಕ್ಕ ತಾಳೆಯಾಯಿತೇ?” ಎಂದು ಕೇಳುತ್ತಾನೆ. ಅವನ ಮೆಚ್ಚುಗೆಯಲ್ಲೂ ನೀನು ಹೇಳಿದ ಸಂಗತಿಗಳು ಇರುತ್ತವೆ. ಲವ್ ಬಾಂಬಿಂಗ್ ಮಾಡುವವನ ಹೊಗಳಿಕೆಯನ್ನು, ಹೆಸರು ಬದಲಿಸಿ, ಯಾವ ಹುಡುಗಿಗೆ ಕಳಿಸಿದರೂ ಒಪ್ಪುತ್ತದೆ.

ಆದ್ದರಿಂದ ಈ ವಾರ ಒಂದು ಸಾಧಾರಣ ವಿಷಯಕ್ಕೆ ಶಾಂತವಾಗಿ ‘ಬೇಡ’ ಎಂದು ನೋಡು. ರಾತ್ರಿ ಹತ್ತರ ನಂತರ ಫೋನ್ ಬೇಡ ಎನ್ನಬಹುದು, ಮಕ್ಕಳ ಹೆಸರಿನ ಮಾತು ಹಿರಿಯರು ಭೇಟಿಯಾದ ಮೇಲೆ ಎನ್ನಬಹುದು. ಸುಳ್ಳು ನೆಪ ಹೇಳಬೇಡ, ಉದ್ದನೆಯ ಕಾರಣವನ್ನೂ ಕೊಡಬೇಡ. ಕಾರಣ ಕೊಟ್ಟರೆ ಅವನು ಆ ಕಾರಣದೊಂದಿಗೆ ವಾದಕ್ಕಿಳಿಯುತ್ತಾನೆ. ತಕ್ಷಣದ ಉತ್ತರಕ್ಕಿಂತ ಮುಂದಿನ ಎರಡು ಮೂರು ದಿನವನ್ನು ಗಮನಿಸು, ಏಕೆಂದರೆ “ಸರಿ, ನಿನ್ನಿಷ್ಟ” ಎಂದು ಬರೆಯುವುದು ಯಾರಿಗೂ ಕಷ್ಟವಲ್ಲ. ನೀನು ಹಾಕಿದ ಗೆರೆ ಉಳಿಯಿತೇ, ಅಥವಾ ಮುನಿಸು, ಉಡುಗೊರೆ, ಹಂಗಿನ ಮಾತು, ಇವುಗಳಿಂದ ಮೆಲ್ಲಗೆ ಅಳಿಸಿಹೋಯಿತೇ? ಕೆಲವು ದಿನ ಬಿಟ್ಟು ಬೇರೊಂದು ವಿಷಯದಲ್ಲಿ ಮತ್ತೊಮ್ಮೆ ನೋಡು. ಒಂದು ಸಲದ ನಡತೆಯ ಮೇಲೆ ಯಾರನ್ನೂ ಒಪ್ಪಲೂ ಬೇಡ, ತಳ್ಳಲೂ ಬೇಡ.

ಹೀಗೆ ನಡೆದುಕೊಳ್ಳುವವರೆಲ್ಲ ಲೆಕ್ಕಹಾಕಿಯೇ ಮಾಡುತ್ತಾರೆ ಎಂದಲ್ಲ. ಕೈಬಿಟ್ಟುಹೋಗುವ ಹೆದರಿಕೆಯಿಂದ ಒಮ್ಮೆಲೇ ಮೇಲೆ ಬೀಳುವವರೂ ಇದ್ದಾರೆ. ಅಂಥವನಿಗೆ “ಸ್ವಲ್ಪ ನಿಧಾನವಾಗಿ ಹೋಗೋಣ” ಎಂದರೆ ಮುಜುಗರಪಟ್ಟುಕೊಂಡಾದರೂ ತಿದ್ದಿಕೊಳ್ಳಲು ನೋಡುತ್ತಾನೆ. ತಿದ್ದಿಕೊಳ್ಳದಿದ್ದರೆ ಅವನ ಉದ್ದೇಶವೇನಿತ್ತು ಎಂದು ಹುಡುಕುವ ಹೊಣೆ ನಿನ್ನದಲ್ಲ.

ಅವನು ವಿಡಿಯೋ ಕಾಲ್‌ಗೂ ಬಾರದೆ, ಭೇಟಿಯನ್ನೂ ಮುಂದೂಡುತ್ತಾ, ದುಡ್ಡಿನ ಮಾತು ತೆಗೆದರೆ ಈ ಪರೀಕ್ಷೆಯೇ ಬೇಕಿಲ್ಲ. ಒಂದು ರೂಪಾಯಿಯನ್ನೂ ಕಳಿಸಬೇಡ. ಈಗಾಗಲೇ ಕಳಿಸಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡು.

ಅವನ ಸಂದೇಶಗಳ ಸ್ಕ್ರೀನ್‌ಶಾಟ್‌ಗಳನ್ನು ನಮ್ಮ ಮನೆತನದ ಈ ಗುಂಪಿಗೆ ಹಾಕಬೇಡ. ಕೊಪ್ಪಳದ ಕಾಕಾನಿಂದ ಹಿಡಿದು ಎಲ್ಲರೂ ಇದ್ದಾರೆ, ನಾಳೆ ಸಂಬಂಧ ಕೂಡಿದರೂ ಮುರಿದರೂ ಅವು ಅಲ್ಲೇ ಉಳಿಯುತ್ತವೆ. ‘ಬೇಡ’ ಎಂದ ಮೇಲೆ ಬಂದ ಉತ್ತರಗಳನ್ನು ಮಾತ್ರ ನನಗೆ ಬೇರೆಯಾಗಿ ಕಳಿಸು, ಇಬ್ಬರೂ ಕೂತು ಓದೋಣ.