ಅಮ್ಮನಿಗೆ 60 ತುಂಬುವ ವರ್ಷ: ಕೊಡಬೇಕಾದದ್ದು 15ಜಿಯೋ, 15ಎಚ್ಚೋ?

ರಮ್ಯಾ, ಶಿವಮೊಗ್ಗ (ಜುಲೈ 2025): ನಮಸ್ಕಾರ ಸರ್. ಅಮ್ಮನಿಗೆ ಈಗ 59, ಬರುವ ಜನವರಿಗೆ 60 ತುಂಬುತ್ತದೆ. ಅಪ್ಪ ತೀರಿಕೊಂಡ ಮೇಲೆ ಬಂದ ಹಣವೆಲ್ಲ ಎರಡು ಬ್ಯಾಂಕಿನಲ್ಲಿ ಎಫ್‌ಡಿ ಆಗಿದೆ. ಈ ವರ್ಷದ ಬಡ್ಡಿ ಒಂದರಲ್ಲಿ 3,10,000, ಇನ್ನೊಂದರಲ್ಲಿ 1,50,000. ಕುಟುಂಬ ಪಿಂಚಣಿ ತಿಂಗಳಿಗೆ 15,000. ಜೂನ್‌ನಲ್ಲಿ ಮೊದಲ ಬ್ಯಾಂಕ್ 77,500 ಬಡ್ಡಿಯಲ್ಲಿ 7,750 ತೆರಿಗೆ ಅಂತ ಹಿಡಿದುಕೊಂಡಿದೆ. ಕೌಂಟರಿನಲ್ಲಿ, ತೆರಿಗೆ ಹಿಡಿಯಬೇಡಿ ಎಂದು ಘೋಷಿಸಿ ಕೊಡುವ 15ಜಿ ಫಾರ್ಮ್ ತುಂಬಿಕೊಡಿ ಅಂದರು. ಕೊಡಬಹುದಾ?

ಮಂಜುನಾಥ: ಧಾರಾಳವಾಗಿ ಕೊಡಿ ಮೇಡಂ. ಈ ವರ್ಷದಿಂದ 12 ಲಕ್ಷದವರೆಗೆ ತೆರಿಗೆಯೇ ಇಲ್ಲ. ತೆರಿಗೆ ಇಲ್ಲದವರು ಯಾರು ಬೇಕಾದರೂ 15ಜಿ ಕೊಡಬಹುದು.

ಸಿಎ ಶ್ರೀನಿವಾಸ್: ಮಂಜುನಾಥ್ ಹೇಳಿದ್ದರಲ್ಲಿ ಅರ್ಧ ಸರಿ. ಅಮ್ಮನಿಗೆ ತೆರಿಗೆ ಬರುವುದಿಲ್ಲ, ನಿಜ. ಪಿಂಚಣಿ 1,80,000ದಲ್ಲಿ 25,000 ಕಳೆದರೆ 1,55,000. ಬಡ್ಡಿ ಸೇರಿ 6,15,000. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ. 5, ಅಂದರೆ 10,750. ರಿಯಾಯಿತಿಯಲ್ಲಿ ಅದು ಪೂರ್ತಿ ಹೋಗಿ ಸೊನ್ನೆ ಆಗುತ್ತದೆ.

ಆದರೆ 15ಜಿಗೆ ತೆರಿಗೆ ಸೊನ್ನೆ ಆದರೆ ಸಾಲದು, ಇನ್ನೊಂದು ಷರತ್ತಿದೆ. ವರ್ಷದ ಒಟ್ಟು ಬಡ್ಡಿಯೇ ಆ 4 ಲಕ್ಷ ದಾಟಿರಬಾರದು. ಅಮ್ಮನ ಬಡ್ಡಿ 4,60,000. ಹಾಗಾಗಿ 15ಜಿ ಕೊಡುವಂತಿಲ್ಲ. ಬ್ಯಾಂಕಿನವರಿಗೆ ಕಾಣುವುದು ತಮ್ಮಲ್ಲಿರುವ 3,10,000 ಮಾತ್ರ, ಅದಕ್ಕೇ ಹಾಗೆ ಹೇಳಿರುತ್ತಾರೆ. ಆದರೆ ಸಹಿ ಹಾಕಿ ಘೋಷಿಸುವವರು ಅಮ್ಮ. ತಿಳಿದೂ ಸುಳ್ಳು ಘೋಷಣೆ ಕೊಟ್ಟರೆ ಜೈಲು, ದಂಡ ಎರಡಕ್ಕೂ ಕಾನೂನಿನಲ್ಲಿ ಅವಕಾಶವಿದೆ. ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ನಿಮ್ಮ ದಾರಿ 15ಎಚ್, ಅಂದರೆ 60 ತುಂಬಿದವರು ಕೊಡುವ ಅಂಥದ್ದೇ ಫಾರ್ಮ್. ಅದರಲ್ಲಿ ಬಡ್ಡಿಯ ಮಿತಿ ಇಲ್ಲ, ರಿಯಾಯಿತಿ ಕಳೆದ ಮೇಲೆ ತೆರಿಗೆ ಸೊನ್ನೆ ಇದ್ದರೆ ಸಾಕು. ವಯಸ್ಸಿನ ವಿಚಾರಕ್ಕೆ, ಆ ಆರ್ಥಿಕ ವರ್ಷದೊಳಗೆ ಯಾವಾಗ 60 ತುಂಬಿದರೂ ನಡೆಯುತ್ತದೆ. ಅಮ್ಮನಿಗೆ 2026ರ ಜನವರಿಯಲ್ಲಿ ತುಂಬುವುದರಿಂದ 2025-26ಕ್ಕೆ ಈಗಲೇ ಕೊಡಬಹುದು.

ರಮ್ಯಾ: ಇದು ಗೊತ್ತೇ ಇರಲಿಲ್ಲ ಸರ್! ಎರಡೂ ಬ್ಯಾಂಕಿಗೆ ಕೊಡಬೇಕಾ? ಹೋದ 7,750ರ ಗತಿ?

ಸಿಎ ಶ್ರೀನಿವಾಸ್: ಎರಡಕ್ಕೂ ಬೇರೆ ಬೇರೆ ಕೊಡಬೇಕು. ಎರಡರಲ್ಲೂ ಅಂದಾಜು ಒಟ್ಟು ಆದಾಯ 6,15,000 ಎಂದೇ ಇರಲಿ. ಎರಡನೇ ಬ್ಯಾಂಕಿನ ಫಾರ್ಮಿನಲ್ಲಿ, ಈ ವರ್ಷ ಈಗಾಗಲೇ ಕೊಟ್ಟ ಫಾರ್ಮ್ ಎಷ್ಟು, ಎಷ್ಟು ಮೊತ್ತಕ್ಕೆ ಎಂಬ ಜಾಗದಲ್ಲಿ ಮೊದಲ ಬ್ಯಾಂಕಿನದನ್ನು ಬರೆಯಿರಿ. ಜನ ಸಾಮಾನ್ಯವಾಗಿ ಖಾಲಿ ಬಿಡುವುದು ಅದನ್ನೇ. ನಡುವೆ ಹೊಸ ಎಫ್‌ಡಿ ಮಾಡಿದರೆ ಅದೂ ಫಾರ್ಮಿನಲ್ಲಿ ಸೇರಿದೆಯೇ ಎಂದು ಕೇಳಿ. ಪ್ಯಾನ್-ಆಧಾರ್ ಜೋಡಣೆ ಆಗಿರಲಿ. ಪ್ಯಾನ್ ನಿಷ್ಕ್ರಿಯವಾಗಿದ್ದರೆ ಫಾರ್ಮ್ ಕೊಟ್ಟೂ ಶೇ. 20 ಹಿಡಿಯುತ್ತಾರೆ.

7,750 ಇಲಾಖೆಗೆ ಕಟ್ಟಿಯಾಗಿರುತ್ತದೆ, ಬ್ಯಾಂಕ್ ವಾಪಸ್ ಕೊಡುವುದಿಲ್ಲ. ವರ್ಷ ಮುಗಿದ ಮೇಲೆ ರಿಟರ್ನ್ ಹಾಕಿಯೇ ಪಡೆಯಬೇಕು. ಅಮ್ಮ ಹೇಗೂ ರಿಟರ್ನ್ ಹಾಕಲೇಬೇಕು, ಆದಾಯ 4 ಲಕ್ಷ ದಾಟಿದೆಯಲ್ಲ. 15ಎಚ್ ಕೊಟ್ಟೆವು, ರಿಟರ್ನ್ ಬೇಡ ಅಂತ ಕೂರಬೇಡಿ.

ಪ್ರಕಾಶ್, ದುಬೈ: ಸರ್, ನನಗೆ 63. ಎನ್‌ಆರ್‌ಒ ಎಫ್‌ಡಿಗೆ ಶೇ. 30 ಹಿಡಿಯುತ್ತಾರೆ. ನಾನೂ 15ಎಚ್ ಕೊಟ್ಟುಬಿಡಲೇ?

ಸಿಎ ಶ್ರೀನಿವಾಸ್: ಇಲ್ಲ ಪ್ರಕಾಶ್ ಅವರೇ, ಎರಡೂ ಫಾರ್ಮ್ ನಿವಾಸಿಗಳಿಗೆ ಮಾತ್ರ. ನಿಮ್ಮದು ಬೇರೆ ಲೆಕ್ಕ. ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಇಲಾಖೆಗೆ ಅರ್ಜಿ ಹಾಕಬಹುದು. ಬೇರೆ ಪೋಸ್ಟ್ ಹಾಕಿ, ವಿವರ ನೋಡಿ ಹೇಳುತ್ತೇನೆ.

ಸಾವಿತ್ರಮ್ಮ: ನನಗೆ 71. ನನ್ನ ಎಫ್‌ಡಿಯಲ್ಲಿ ಮಗನ ಹೆಸರು ಮೊದಲು, ನನ್ನದು ಎರಡನೆಯದು. ನಾನು 15ಎಚ್ ಕೊಟ್ಟರೂ ಕಡಿತ ನಿಲ್ಲಲಿಲ್ಲವಪ್ಪ.

ಸಿಎ ಶ್ರೀನಿವಾಸ್: ಬ್ಯಾಂಕ್ ನೋಡುವುದು ಮೊದಲ ಹೆಸರಿನವರ ಪ್ಯಾನ್ ಅಮ್ಮಾ. ಕಡಿತವೂ ಮಗನ ಹೆಸರಿಗೇ ಹೋಗಿರುತ್ತದೆ. ಹಣ ನಿಮ್ಮದೇ ಆದರೆ ಮುಂದೆ ಹೊಸದಾಗಿ ಇಡುವಾಗ ನಿಮ್ಮ ಹೆಸರು ಮೊದಲಿರಲಿ.

ರಮ್ಯಾ (ವಾರದ ನಂತರ): ಸರ್, ಎರಡನೇ ಬ್ಯಾಂಕಿನಲ್ಲಿ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ಮೊದಲ ಬ್ಯಾಂಕಿನ ಆ್ಯಪ್‌ನಲ್ಲಿ ಅಮ್ಮನಿಗೆ 15ಜಿ ಮಾತ್ರ ಕಾಣುತ್ತದೆ. ಶಾಖೆಗೆ ಹೋದರೆ, ಇವತ್ತಿಗೆ 60 ಆಗಿಲ್ಲ, ಸಿಸ್ಟಮ್ ಒಪ್ಪುವುದಿಲ್ಲ ಅಂತಾರೆ.

ಮಂಜುನಾಥ: ಹಾಗಾದರೆ ಜನವರಿವರೆಗೆ ಕಾದುಬಿಡಿ.

ಸಿಎ ಶ್ರೀನಿವಾಸ್: ಕಾದರೆ ಸೆಪ್ಟೆಂಬರ್, ಡಿಸೆಂಬರ್ ಎರಡು ಕಂತಿನಲ್ಲೂ 7,750ರಂತೆ ಹೋಗುತ್ತದೆ. ಕಾಗದದ 15ಎಚ್‌ ಜೊತೆ ಜನ್ಮದಿನಾಂಕದ ದಾಖಲೆ ಇಟ್ಟು ಶಾಖಾ ವ್ಯವಸ್ಥಾಪಕರಿಗೆ ಕೊಡಿ. ಫಾರ್ಮಿನ ಟಿಪ್ಪಣಿಯಲ್ಲೇ ವರ್ಷದೊಳಗೆ ಯಾವಾಗಲಾದರೂ 60 ಎಂದಿದೆ, ಆ ಸಾಲಿಗೆ ಗೆರೆ ಎಳೆದು ತೋರಿಸಿ. ಇನ್ನೊಂದು ಪ್ರತಿಗೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ.

ರಮ್ಯಾ: ಕೊಟ್ಟು ಬಂದೆ ಸರ್. ಮುದ್ರೆ ಹಾಕಿದರು, ಮುಖ್ಯ ಕಚೇರಿಯನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ.

ಸಿಎ ಶ್ರೀನಿವಾಸ್: ಸೆಪ್ಟೆಂಬರ್ ಬಡ್ಡಿ ಬೀಳುವ ಮೊದಲೇ ಇನ್ನೊಮ್ಮೆ ವಿಚಾರಿಸಿ. ಆಮೇಲೂ ಹಿಡಿದರೆ ಅಮ್ಮನ ತೆರಿಗೆ ಕಡಿತದ ಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸುತ್ತದೆ, ಆಗ ಇಲ್ಲಿ ಬರೆಯಿರಿ.