ಒಂದು ಇಡ್ಲಿಗೆ ಎಷ್ಟು ಕಾರ್ಬ್? ಮನೆಯವರ ಗುಂಪಿನಲ್ಲಿ ನಡೆದ ಜಗಳ

ಗೀತಾ ಅತ್ತೆ: [ಚಿತ್ರ] ಇನ್ಸುಲಿನ್ ತಗೊಳ್ಳುವವರಿಗೆ ತುಂಬಾ ಉಪಯೋಗ. 1 ಇಡ್ಲಿ = 15 ಗ್ರಾಂ ಕಾರ್ಬ್. 1 ದೋಸೆ = 15. 1 ಸಮೋಸಾ = 15. ನೆನಪಿಡೋದು ಎಷ್ಟು ಸುಲಭ ನೋಡಿ! ವಾಣಿ, ಚಿನ್ಮಯ್‌ಗೋಸ್ಕರ ಮತ್ತೆ ಕಳಿಸಿದ್ದೇನೆ.

ವಾಣಿ ಅಕ್ಕ: ಅತ್ತೆ, ಹೋದ ವಾರ ನೀವು ಇದನ್ನೇ ಕಳಿಸಿದ್ದಿರಿ. ಇವತ್ತು ಬೆಳಗ್ಗೆ ಇದನ್ನೇ ನೋಡಿ ಲೆಕ್ಕ ಹಾಕಿದೆ. ಮಗುವಿಗೆ ಶುಗರ್ ಲೋ ಆಯಿತು.

ರಘು ದೊಡ್ಡಪ್ಪ: ಏನು? ಎಷ್ಟಕ್ಕೆ ಇಳಿಯಿತು? ನನಗೆ ಯಾಕೆ ಹೇಳಲಿಲ್ಲ?

ವಾಣಿ ಅಕ್ಕ: ಈಗ ಸರಿ ಇದ್ದಾನೆ ಅಪ್ಪ. ತಿಂಡಿಗೆ ಮುಂಚೆ 128 ಇತ್ತು. 3 ಇಡ್ಲಿ ತಿಂದ. ಪಟ್ಟಿ ಪ್ರಕಾರ 45 ಗ್ರಾಂ. ಅವನಿಗೆ 15 ಗ್ರಾಂಗೆ 1 ಯೂನಿಟ್ ಇನ್ಸುಲಿನ್, ಹಾಗಾಗಿ 3 ಯೂನಿಟ್ ಕೊಟ್ಟೆ. ಒಂದೂವರೆ ಗಂಟೆ ಆದಮೇಲೆ ಕೈ ನಡುಗುತ್ತಿದೆ ಅಂದ. ಮುಟ್ಟಿ ನೋಡಿದರೆ ಕತ್ತೆಲ್ಲ ಬೆವರು. ಚೆಕ್ ಮಾಡಿದರೆ 58. 3 ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. 15 ನಿಮಿಷ ಬಿಟ್ಟು ನೋಡಿದರೆ 61. ಇನ್ನೊಂದು ಸಲ ಕುಡಿಸಿದಮೇಲೆ 96ಕ್ಕೆ ಬಂತು.

ಗೀತಾ ಅತ್ತೆ: ಅಯ್ಯೋ. ಆದರೆ ಪಟ್ಟಿ ತಪ್ಪು ಅಂತ ಹೇಗೆ ಹೇಳುತ್ತೀ? ಆಟ ಆಡಿರಬಹುದು. ಇಡ್ಲಿ ಇಡ್ಲಿಯೇ ಅಲ್ವಾ?

ಸಹನಾ: ಇಲ್ಲ ಅತ್ತೆ, ಅಲ್ಲೇ ಇರೋದು ಎಡವಟ್ಟು. ಅಕ್ಕ, ನೀನು ಯಾವ ತಟ್ಟೆಯಲ್ಲಿ ಹಾಕಿದೆ? ಆ ಚಿಕ್ಕ ಗುಳಿಯದ್ದಾ?

ವಾಣಿ ಅಕ್ಕ: ಹೌದು, ಅವನಿಗೆ ಅದೇ ಇಷ್ಟ. ಹೋದ ವಾರ ನೀನು ಹೇಳಿದಮೇಲೆ ತಕ್ಕಡಿ ತಂದಿಟ್ಟಿದ್ದೇನೆ, ಬಳಸಿಯೇ ಇಲ್ಲ.

ಸಹನಾ: ಈಗ ಬಳಸು. ಬಟ್ಟಲು ಇಟ್ಟು ಸೊನ್ನೆ ಮಾಡು. ಒಂದು ಗುಳಿಗೆ ಹಾಕುವಷ್ಟು ಹಿಟ್ಟು ಹುಯ್ದು ಹೇಳು. ನೆನೆಹಾಕುವಾಗ ಅಕ್ಕಿ, ಬೇಳೆ ಎಷ್ಟೆಷ್ಟು ಹಾಕಿದ್ದೆ ಅನ್ನೋದೂ ಬೇಕು.

ವಾಣಿ ಅಕ್ಕ: 30 ಗ್ರಾಂ ಬಂತು. ಅಕ್ಕಿ 450 ಗ್ರಾಂ, ಉದ್ದಿನ ಬೇಳೆ 150. ಯಾವಾಗಲೂ ಅದೇ ಅಳತೆ. ಒಂದು ಸಲಕ್ಕೆ ಹಿಟ್ಟು ಒಟ್ಟು 1,700 ಗ್ರಾಂ ಹತ್ತಿರ ಆಗುತ್ತದೆ, ಪಾತ್ರೆ ತೂಕ ಬಿಟ್ಟು.

ಸಹನಾ: ಸರಿ, ಹಾಗಾದರೆ ನೋಡು. ಹಸಿ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 78 ಗ್ರಾಂ ಕಾರ್ಬ್. 450ಕ್ಕೆ 350. ಉದ್ದಿನ ಬೇಳೆಯಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ, ಅಂದರೆ 75. ಎರಡೂ ಸೇರಿ 425. ನೀರಲ್ಲಿ ಕಾರ್ಬ್ ಇಲ್ಲ. ಹುದುಗು ಬಂದಾಗ ಸ್ವಲ್ಪ ಕಡಿಮೆ ಆಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯೋದು ಬೇಡ. 1,700 ಗ್ರಾಂ ಹಿಟ್ಟಿನಲ್ಲಿ 425 ಅಂದರೆ ಹಿಟ್ಟಿನ ತೂಕದ ಕಾಲು ಭಾಗ. ನಿನ್ನ ಇಡ್ಲಿಗೆ 30 ಗ್ರಾಂ ಹಿಟ್ಟು, ಹಾಗಾಗಿ ಒಂದಕ್ಕೆ ಏಳೂವರೆ ಗ್ರಾಂ ಕಾರ್ಬ್. ಮೂರಕ್ಕೆ 22 ಚಿಲ್ಲರೆ. ಬೇಕಿದ್ದದ್ದು ಒಂದೂವರೆ ಯೂನಿಟ್, ಹೋಗಿದ್ದು ಮೂರು.

ವಾಣಿ ಅಕ್ಕ: ಎರಡರಷ್ಟು! ಅವನಿಗೆ 1 ಯೂನಿಟ್ ಸುಮಾರು 80 ಇಳಿಸುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ.

ಸಹನಾ: ಅಂದರೆ ಒಂದೂವರೆ ಯೂನಿಟ್ ಜಾಸ್ತಿಗೆ 120ರಷ್ಟು ಇಳಿತ. 128ರಿಂದ ಶುರು ಮಾಡಿದ ಮಗು ಲೋ ಆಗದೆ ಇರುತ್ತಾ? ಎರಡು ಸಲ ಸಕ್ಕರೆ ಬೇಕಾದದ್ದೂ ಅದಕ್ಕೇ. ಜಾಸ್ತಿ ಹಿಡಿದದ್ದು 22 ಗ್ರಾಂ, ನೀನು ಕುಡಿಸಿದ ಆರು ಚಮಚ ಸಕ್ಕರೆಯೂ ಹೆಚ್ಚುಕಮ್ಮಿ ಅಷ್ಟೇ. ಅಂದಹಾಗೆ, ನಿಮ್ಮ ಇನ್ಸುಲಿನ್ ಪೆನ್ನಿನಲ್ಲಿ ಅರ್ಧ ಯೂನಿಟ್ ಬರುತ್ತದಾ? ಮಕ್ಕಳಿಗೆ ಅದು ಬೇಕಾಗುತ್ತದೆ, ಕೇಳಿ ನೋಡು.

ರಘು ದೊಡ್ಡಪ್ಪ: ಇಷ್ಟೆಲ್ಲ ಯಾಕೆ? ಬೆಂದ ಇಡ್ಲಿಯನ್ನೇ ತೂಗಿದರೆ ಆಯಿತಲ್ಲ. ದೋಸೆಗೂ ಹಾಗೇ ಮಾಡಬಹುದು. ಗರಿಗರಿ ದೋಸೆ ಹಗುರ, ಅದಕ್ಕೇ ನಾನು ಎರಡು ತಿಂತೀನಿ.

ಸಹನಾ: ದೊಡ್ಡಪ್ಪ, ಇಡ್ಲಿಗೆ ನಡೆಯುತ್ತದೆ. ಹಬೆಯಲ್ಲಿ ಬೇಯುವಾಗ ತೂಕ ಅಷ್ಟೇನೂ ಬದಲಾಗುವುದಿಲ್ಲ. ದೋಸೆಯಲ್ಲಿ ಮೋಸ ಹೋಗುತ್ತೀರಿ. ಕಾವಲಿ ಮೇಲೆ ಚುಯ್ ಅಂತ ಹೋಗೋದು ನೀರು ಮಾತ್ರ, ಅಕ್ಕಿ ಎಲ್ಲೂ ಹೋಗಲ್ಲ. ಅಕ್ಕನ ಅದೇ ಹಿಟ್ಟಿಗೆ 200 ಗ್ರಾಂ ನೀರು ಸೇರಿಸಿ ದೋಸೆ ಹುಯ್ದರೆ, 80 ಗ್ರಾಂ ಸೌಟಿನಲ್ಲಿ 18 ಗ್ರಾಂ ಕಾರ್ಬ್. ಗರಿಯಾದ ಮೇಲೆ ದೋಸೆ ತೂಗಿದರೆ 50 ಗ್ರಾಂ ಬರಬಹುದು. ಅದರ ಕಾಲು ಭಾಗ ಅಂತ ಹಿಡಿದರೆ 12 ಸಿಗುತ್ತದೆ, ಆದರೆ ಹೊಟ್ಟೆಗೆ ಹೋಗಿದ್ದು 18. ಎಷ್ಟು ಗರಿಯೋ ಅಷ್ಟು ತಪ್ಪು ಜಾಸ್ತಿ. ದೋಸೆಗೆ ಹಿಟ್ಟನ್ನೇ ತೂಗಬೇಕು.

ರಘು ದೊಡ್ಡಪ್ಪ: ಹಾಗಾದರೆ ನಾನೂ ಕೂಡಿಸಿ ಕಳೆದು ಇನ್ಸುಲಿನ್ ತಗೊಳ್ಳಬೇಕಾ?

ಸಹನಾ: ಬೇಡ ಬೇಡ. ನಿಮ್ಮದು ಬೆಳಗ್ಗೆ-ರಾತ್ರಿ ಮಿಕ್ಸ್ ಇನ್ಸುಲಿನ್, ಡೋಸ್ ಗೊತ್ತುಮಾಡಿಟ್ಟದ್ದು. ತಿಂಡಿ ನೋಡಿಕೊಂಡು ಅದನ್ನು ಏರಿಸಿ ಇಳಿಸಬೇಡಿ. ನೀವು ದಿನಾ ಹೆಚ್ಚುಕಮ್ಮಿ ಅಷ್ಟೇ ಕಾರ್ಬ್ ತಿನ್ನಬೇಕು. ಇವತ್ತು ಎರಡು ದೋಸೆ, ನಾಳೆ ನಾಲ್ಕು ಅಂದರೆ ಆಗಲ್ಲ.

ಗೀತಾ ಅತ್ತೆ: ಇಡ್ಲಿಗೆ ಪಟ್ಟಿ ಜಾಸ್ತಿ ಹೇಳಿತು, ಒಪ್ಪಿದೆ. ಸಮೋಸಾಗಾದರೂ ಸರಿ ಇರಬೇಕಲ್ಲ?

ಸಹನಾ: ಅಲ್ಲಿ ಉಲ್ಟಾ ಅತ್ತೆ. ಒಂದು ಸಲ ನಾನು ದೊಡ್ಡ ಸಮೋಸಾ ಒಡೆದು ತೂಗಿದ್ದೆ. ಒಟ್ಟು 100 ಗ್ರಾಂ. ಹೊರಗಿನ ಕವಚ 45, ಒಳಗಿನ ಪಲ್ಯ 55. ಕವಚದಲ್ಲಿ ಎಣ್ಣೆ, ನೀರು ಬಿಟ್ಟರೆ ಮೈದಾ 28 ಗ್ರಾಂ ಅಂತ ಅಂದಾಜು ಮಾಡಿದೆ. ಮೈದಾದ ಮುಕ್ಕಾಲು ಭಾಗ ಕಾರ್ಬ್, ಅಲ್ಲಿಗೆ 21. ಆಲೂಗಡ್ಡೆ ಪಲ್ಯದಿಂದ ಇನ್ನೊಂದು 9. ಒಟ್ಟು 30, ನಿಮ್ಮ ಪಟ್ಟಿಯ ಎರಡರಷ್ಟು. ಎಲ್ಲರೂ ಆಲೂಗಡ್ಡೆಗೆ ಹೆದರುತ್ತಾರೆ, ಜಾಸ್ತಿ ಇರೋದು ಕವಚದಲ್ಲಿ.

ವಾಣಿ ಅಕ್ಕ: ಶನಿವಾರ ಅವನ ಗೆಳೆಯನ ಹುಟ್ಟುಹಬ್ಬ. ಸಮೋಸಾ ಇದ್ದೇ ಇರುತ್ತದೆ. 30 ಅಂತ ಹಿಡಿದು 2 ಯೂನಿಟ್ ಕೊಟ್ಟರೆ ಸಾಕಲ್ವಾ?

ಸಹನಾ: ಸಂಖ್ಯೆ ಸರಿ ಇದ್ದರೂ ಸಮಯ ಕೈಕೊಡುತ್ತದೆ ಅಕ್ಕ. ಎಣ್ಣೆ ಜಾಸ್ತಿ ಇದ್ದರೆ ಹೊಟ್ಟೆ ನಿಧಾನವಾಗಿ ಖಾಲಿ ಆಗುತ್ತದೆ. ಇನ್ಸುಲಿನ್ ಕಾಯಲ್ಲ, ತನ್ನ ಪಾಡಿಗೆ ಕೆಲಸ ಶುರು ಮಾಡುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಸಂಜೆ ಎರಡು ಸಮೋಸಾ ತಿಂದು ಪೂರ್ತಿ ಡೋಸ್ ತಗೊಂಡೆ. ಎರಡು ಗಂಟೆ ಬಿಟ್ಟು ನೋಡಿದರೆ 110. ಸಂಖ್ಯೆ ಹಿಡಿದುಬಿಟ್ಟೆ ಅಂತ ಜಂಬ. ರಾತ್ರಿ ಊಟ ಬಿಟ್ಟು ಮಲಗಿದೆ. ತಿಂದು ಐದು ಗಂಟೆಯಾದ ಮೇಲೆ ಬಾಯಾರಿಕೆಗೆ ಎಚ್ಚರವಾಯಿತು, ನೋಡಿದರೆ 260. ಎರಡು ಗಂಟೆಯ ಚೆಕ್ ಒಂದನ್ನೇ ನಂಬಿದರೆ ಹೀಗಾಗುತ್ತದೆ. ಕೆಲವರಿಗೆ ಮೊದಲು ಲೋ, ಆಮೇಲೆ ಹೈ, ಎರಡೂ ಆಗುತ್ತದೆ.

ವಾಣಿ ಅಕ್ಕ: ಹಾಗಾದರೆ ಎರಡು ಸಲ ಭಾಗ ಮಾಡಿ ಕೊಡಲಾ?

ಸಹನಾ: ಅದನ್ನು ನಾನು ಹೇಳಲ್ಲ. ನನಗೆ ಡಾಕ್ಟರ್ ಭಾಗ ಮಾಡಿಕೊಟ್ಟಿದ್ದಾರೆ, ಅದು ನನ್ನ ಲೆಕ್ಕ. ಶನಿವಾರಕ್ಕೆ ಮುಂಚೆ ಫೋನ್ ಮಾಡಿ ಕೇಳು. ತೂಕ, ತಿಂದ ಹೊತ್ತು, ಸಕ್ಕರೆ ಮಟ್ಟ ಬರೆದಿಟ್ಟುಕೋ. ತಿಂದು ಎರಡು ಗಂಟೆಯಾದ ಮೇಲೆ ಒಂದು ಸಲ, ನಾಲ್ಕು ಗಂಟೆಯಾದ ಮೇಲೆ ಇನ್ನೊಂದು ಸಲ ಚೆಕ್ ಮಾಡು. ಆ ನಾಲ್ಕು ಗಂಟೆಯ ಸಂಖ್ಯೆಯೇ ಡಾಕ್ಟರಿಗೆ ಬೇಕಾಗಿರೋದು. ಎರಡು ಗಂಟೆಗೆ ಜಾಸ್ತಿ ಕಂಡರೂ ಗಾಬರಿಯಾಗಿ ಮತ್ತೆ ಚುಚ್ಚಬೇಡ, ಮೊದಲ ಡೋಸ್ ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ.

ವಾಣಿ ಅಕ್ಕ: ಸಾಂಬಾರ್, ಚಟ್ನಿ?

ಸಹನಾ: ಕಾಯಿ ಚಟ್ನಿ ಎರಡು ಚಮಚ ಆದರೆ ಲೆಕ್ಕಕ್ಕೆ ಹಿಡಿಯೋದು ಬೇಡ. ಸಾಂಬಾರ್ ಬಟ್ಟಲು ತುಂಬಾ ಕುಡಿದರೆ ಮಾತ್ರ ಬೇಳೆಯ ಕಾರ್ಬ್ ಸೇರಿಸು.

ಗೀತಾ ಅತ್ತೆ: ನಾನೂ ಈಗ ನನ್ನ ಇಡ್ಲಿ ಸೌಟು ತೂಗಿದೆ. 62 ಗ್ರಾಂ ಹಿಟ್ಟು. ನಾನೂ ವಾಣಿ ಹಾಗೇ ಮೂರು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಹಾಕೋದು, ಹಿಟ್ಟೂ ಅಷ್ಟೇ ಗಟ್ಟಿ. ಕಾಲು ಭಾಗ ಅಂದರೆ ಹದಿನೈದೂವರೆ. ನೋಡಿದಿರಾ? ಪಟ್ಟಿ ಸರಿ ಇದೆ!

ಸಹನಾ: ಹೌದು ಅತ್ತೆ. ನಿಮ್ಮ ಇಡ್ಲಿಗೆ.

ರಘು ದೊಡ್ಡಪ್ಪ: ಅವಳ ಇಡ್ಲಿ ಯಾವತ್ತೂ ಕಲ್ಲು ಗುಂಡಿನ ಸೈಜು. ಗೀತಾ, ಆ ಚಿತ್ರದ ಮೇಲೆ "ನಮ್ಮನೆ ಇಡ್ಲಿಗೆ ಮಾತ್ರ" ಅಂತ ಬರೆದು ಹಾಕು.

ಗೀತಾ ಅತ್ತೆ: ಭಾನುವಾರ ತಿನ್ನೋಕೆ ಬರ್ತೀಯಲ್ಲ, ಆವಾಗ ಹೇಳು ಅಣ್ಣ.